ಸರಕಿನ ವಿವರಣೆಗೊಂದು ಬರಹ ಕೈಪಿಡಿ: ಸಿದ್ಧಪಡಿಸುವುದು ಹೇಗೆ?

ಚಳ್ಳಕೆರೆಯ ಗಾಣದ ಶೇಂಗಾ ಎಣ್ಣೆಯನ್ನು ಆನ್‌ಲೈನ್‌ನಲ್ಲಿ ಮಾರುವ ದಾವಣಗೆರೆಯ ಒಂದು ಮಳಿಗೆಯನ್ನು ಊಹಿಸಿಕೊಳ್ಳಿ. ನಾಲ್ಕೈದು ಜನ ವಿವರಣೆ ಬರೆಯುವ ಕಡೆ ಒಂದೇ ಡಬ್ಬಿಯ ಎಣ್ಣೆ ಒಬ್ಬರಲ್ಲಿ ‘1 ಲೀಟರ್’, ಇನ್ನೊಬ್ಬರಲ್ಲಿ ‘1 ಕೆ.ಜಿ.’, ಮತ್ತೊಬ್ಬರಲ್ಲಿ ‘ಹೃದಯದ ಗೆಳೆಯ’ ಆಗಿಬಿಡುತ್ತದೆ. ಆದ್ದರಿಂದ ನಿಯಮ ಬರೆಯಲು ಕೂರುವ ಮೊದಲು ಈಗಾಗಲೇ ಪ್ರಕಟವಾಗಿರುವ ವಿವರಣೆಗಳನ್ನು ಒಟ್ಟಿಗೆ ಹರಡಿಕೊಂಡು, ಒಂದೇ ಸಂಗತಿಯನ್ನು ಬೇರೆ ಬೇರೆಯಾಗಿ ಹೇಳಿರುವ ಸಾಲುಗಳಿಗೆ ಗುರುತು ಹಾಕಬೇಕು. ಕೈಪಿಡಿಯಲ್ಲಿ ಇರಬೇಕಾದದ್ದು ಆ ಗುರುತುಗಳಿಗೆ ಉತ್ತರ ಮಾತ್ರ.

ಮೊದಲು ಅಳತೆಯನ್ನು ಇತ್ಯರ್ಥಪಡಿಸಿ. ಒಂದು ಲೀಟರ್ ಶೇಂಗಾ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಲೀಟರ್ ಡಬ್ಬಿಗೆ ‘1 ಕೆ.ಜಿ.’ ಎಂದು ಬರೆದರೆ ಗ್ರಾಹಕರಿಗೆ ಸುಮಾರು 90 ಗ್ರಾಂ ಕಡಿಮೆ ಕೊಟ್ಟಂತೆ. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ಆನ್‌ಲೈನ್ ಪುಟದಲ್ಲೂ ನಿವ್ವಳ ಪ್ರಮಾಣ ಕಾಣಿಸಬೇಕು. ಹಾಗಾಗಿ ನಿಯಮ ಹೀಗಿರಲಿ: ‘ಪ್ರಮಾಣವನ್ನು ಡಬ್ಬಿಯ ಲೇಬಲ್ ನೋಡಿಯೇ ಬರೆಯಬೇಕು, ಅಂಕಿಗೂ ಮಾನಕ್ಕೂ ನಡುವೆ ಜಾಗ ಬಿಡಬೇಕು, ಡಬ್ಬಿಯ ತೂಕವನ್ನು ಸೇರಿಸಬಾರದು.’

ಕಾಗುಣಿತದ ಭಾಗವು ಒಂದು ಪುಟದ ಪದಪಟ್ಟಿಯಾದರೆ ಸಾಕು. ನಮ್ಮ ಕಡೆ ಶೇಂಗಾ ಎನ್ನುವುದನ್ನು ಬೆಂಗಳೂರಿನ ಗ್ರಾಹಕರು ಕಡಲೆಕಾಯಿ ಎಂದು ಹುಡುಕುತ್ತಾರೆ. ಶೀರ್ಷಿಕೆಯಲ್ಲಿ ಒಂದನ್ನೇ ಬಳಸಿ, ಇನ್ನೊಂದನ್ನು ವಿವರಣೆಯ ಮೊದಲ ಸಾಲಿನಲ್ಲಿ ಒಮ್ಮೆ ಹೇಳಬೇಕೆಂದು ನಿಗದಿಪಡಿಸಿ.

ಹೆಚ್ಚು ಸಮಯ ಕೊಡಬೇಕಾದದ್ದು ನಿಷಿದ್ಧ ಹೇಳಿಕೆಗಳಿಗೆ. ಇವುಗಳನ್ನು ಎರಡು ಪಟ್ಟಿ ಮಾಡಿ. ‘ಸಕ್ಕರೆ ಕಾಯಿಲೆ ಗುಣವಾಗುತ್ತದೆ’ ಎಂಬಂಥ, ಆಹಾರಕ್ಕೆ ರೋಗ ವಾಸಿಮಾಡುವ ಶಕ್ತಿ ಆರೋಪಿಸುವ ಮಾತು ಯಾವ ಕಾರಣಕ್ಕೂ ಸಲ್ಲದು. ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿಯವರೆಗೆ ದಂಡವಿದೆ. ‘ಕೊಲೆಸ್ಟ್ರಾಲ್ ಇಲ್ಲದ ವಿಶೇಷ ಎಣ್ಣೆ’ ಎಂಬುದನ್ನೂ ಇಲ್ಲೇ ಸೇರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಸಸ್ಯಜನ್ಯ ಎಣ್ಣೆಗಳಲ್ಲಿ ಸಹಜವಾಗಿಯೇ ಕೊಲೆಸ್ಟ್ರಾಲ್ ಇರುವುದಿಲ್ಲವಾದ್ದರಿಂದ ಅದು ಈ ಎಣ್ಣೆಯ ಹೆಚ್ಚುಗಾರಿಕೆಯಲ್ಲ. ಎರಡನೆಯ ಪಟ್ಟಿ ದಾಖಲೆ ಇದ್ದರಷ್ಟೇ ಬಳಸಬಹುದಾದ ಪದಗಳದು: ‘ಸಾವಯವ’ ಎನ್ನಲು ಪ್ರಮಾಣಪತ್ರ ಬೇಕು, ‘ಗಾಣದ’ ಎನ್ನಲು ತಯಾರಕರ ಲಿಖಿತ ದೃಢೀಕರಣ ಬೇಕು. ಆ ದಾಖಲೆ ಯಾವ ಕಡತದಲ್ಲಿದೆ ಎಂಬುದನ್ನೂ ಪದದ ಪಕ್ಕದಲ್ಲೇ ಬರೆಯಿರಿ.

ಧಾಟಿಯನ್ನು ವಿಶೇಷಣಗಳಿಂದ ವಿವರಿಸಿದರೆ ಬರಹಗಾರರಿಗೆ ಏನೂ ತಿಳಿಯುವುದಿಲ್ಲ. ತಿದ್ದಿದ ಸಾಲನ್ನೇ ತೋರಿಸಬೇಕು. ‘ಅಪ್ಪಟ, ಅದ್ಭುತ, ಆರೋಗ್ಯದಾಯಕ ಎಣ್ಣೆ!!’ ಎಂಬುದರ ಎದುರಿಗೆ ‘ಮರದ ಗಾಣದಲ್ಲಿ ತೆಗೆದ ಶೇಂಗಾ ಎಣ್ಣೆ, ತಳದಲ್ಲಿ ಸ್ವಲ್ಪ ಗಸಿ ನಿಲ್ಲಬಹುದು’ ಎಂದು ಬರೆಯಿರಿ. ಗಸಿಯ ಮಾತನ್ನು ಮೊದಲೇ ಹೇಳಿದರೆ ಎಣ್ಣೆ ಕೆಟ್ಟಿದೆಯೆಂದು ಡಬ್ಬಿ ಹಿಂದಿರುಗಿಸುವವರೂ ಕಡಿಮೆಯಾಗುತ್ತಾರೆ.

ಕರಡು ಸಿದ್ಧವಾದ ಮೇಲೆ ಇಬ್ಬರು ಬರಹಗಾರರಿಗೆ ಒಂದೇ ಡಬ್ಬಿ ಕೊಟ್ಟು, ಪರಸ್ಪರ ಚರ್ಚಿಸದೆ ವಿವರಣೆ ಬರೆಯಲು ಹೇಳಿ. ಪ್ರಮಾಣದಲ್ಲೋ ಹೇಳಿಕೆಯಲ್ಲೋ ವ್ಯತ್ಯಾಸ ಕಂಡುಬಂದರೆ ಬರಹಗಾರರನ್ನಲ್ಲ, ಆ ನಿಯಮದ ವಾಕ್ಯವನ್ನು ತಿದ್ದಬೇಕು.