ಆಮೆ ಪದ್ಯಕ್ಕೆ ನಾಲ್ಕು ವರ್ಷ: ನನ್ನ ಅನುಭವ

"ಆಮೆಗೆ ಮೂರು ಮಾತ್ರೆಯ ಕುಣಿತ ಯಾಕ್ರೀ? ಅದು ನಿಧಾನದ ಪ್ರಾಣಿ, ನಾಲ್ಕರಲ್ಲಿ ಬರೀರಿ" ಎಂದು ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಈಗ ನಮ್ಮೂರ ಅಂಗನವಾಡಿಯ ಇಪ್ಪತ್ತು ಇಪ್ಪತ್ತೆರಡು ಮಕ್ಕಳು ಅದೇ ಪದ್ಯವನ್ನು ಚಪ್ಪಾಳೆ ತಟ್ಟಿ ಹೇಳುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಮೊದಲು ನಾನೂ ಆ ಬುದ್ಧಿಮಾತನ್ನೇ ಕೇಳಿದೆ. ಹಳೆಯ ನೋಟ್‌ಬುಕ್ಕಿನಲ್ಲಿ ಹೀಗಿದೆ:

ತೋಟಕೆ ಆಮೆಯು ಬಂದಿತು
ಚಿಗುರನು ಮೆಲ್ಲಗೆ ತಿಂದಿತು

ನಾಲ್ಕು ಮಾತ್ರೆಯ ಲೆಕ್ಕ ಸರಿ, ಪ್ರಾಸವೂ ಸರಿ, ಪದ್ಯ ಮಾತ್ರ ಸತ್ತಿತ್ತು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ. ಅದನ್ನು ಹಾಗೇ ಬಿಟ್ಟರೆ ಬಂದಿತು, ತಿಂದಿತು, ನಿಂದಿತು ಎಂದು ಪ್ರಾಸ ತಾನಾಗಿಯೇ ಉದುರುತ್ತದೆ. ಪುಕ್ಕಟೆ ಸಿಕ್ಕ ಪ್ರಾಸಕ್ಕೆ ಮಕ್ಕಳ ಕಿವಿ ನಿಮಿರುವುದಿಲ್ಲ. ಅದೂ ಅಲ್ಲದೆ ಯಾವ ಮಗು "ಬಂದಿತು" ಅನ್ನುತ್ತದೆ? ಅದರ ಬಾಯಲ್ಲಿ ಅದು "ಬಂತು".

ಆದಿಪ್ರಾಸವನ್ನೂ ಒಂದು ಮಳೆಗಾಲ ಪೂರ್ತಿ ಪ್ರಯತ್ನಿಸಿದೆ. ಪ್ರತಿ ಸಾಲಿನ ಎರಡನೇ ಅಕ್ಷರ ಹೊಂದಿಸಿ ಬೀಗಿದೆ. ದೊಡ್ಡವರು ತಲೆದೂಗಿದರು. ನಾಲ್ಕು ವರ್ಷದ ಮಕ್ಕಳಿಗೆ ಅದು ಕೇಳಿಸಲೇ ಇಲ್ಲ, ಅವು ಕಾಯುವುದು ಸಾಲಿನ ಕೊನೆಗೆ.

ಋತುಗಳ ಕಥೆ ಇನ್ನೂ ದೊಡ್ಡ ಪೆಟ್ಟು. ಆರು ಋತುವಿಗೆ ಆರು ಪದ್ಯ ಎಂದು ಹೊರಟಿದ್ದೆ. "ಗ್ರೀಷ್ಮ" ಮೂರು ಮಾತ್ರೆಗೆ ಚೆನ್ನಾಗಿ ಕೂರುತ್ತದೆ, ಮಕ್ಕಳ ನಾಲಿಗೆಗೆ ಕೂರುವುದಿಲ್ಲ. "ಶಿಶಿರ" ಅಂದಾಗ ಒಬ್ಬ ಎದ್ದು ನಿಂತು "ಅವನು ಇವತ್ತು ಬಂದಿಲ್ಲ ಮಿಸ್" ಅಂದ. ಅವನ ಪಕ್ಕದ ಮನೆಯ ಹುಡುಗನ ಹೆಸರಂತೆ! ಸಾಲದ್ದಕ್ಕೆ ನನ್ನ ಆಮೆ ಚಳಿಗಾಲವೆಲ್ಲ ಮಣ್ಣಿನಡಿ ಮಲಗಿತ್ತು. ಹಿಮ ಬೀಳುವ ದೇಶಗಳ ಆಮೆಯ ಪಾಡು ಅದು. ನಮ್ಮ ಕೋಲಾರದ ಕಡೆಯ ಒಣ ಬಯಲಿನ ನಕ್ಷತ್ರ ಆಮೆ ಹಾಗಲ್ಲ. ಸುಡುಬಿಸಿಲಲ್ಲಿ ಪೊದೆಯ ನೆರಳು ಸೇರುತ್ತದೆ, ಚಳಿಯಲ್ಲಿ ಮೈ ಕಾಯುವವರೆಗೆ ಮಂಕಾಗಿರುತ್ತದೆ, ಮಳೆ ಬಿದ್ದರೆ ಅದರ ಓಡಾಟ ನೋಡಬೇಕು. ಇದನ್ನು ಮೊದಲೇ ವಿಚಾರಿಸಿಕೊಂಡಿದ್ದರೆ ಚಿತ್ರಗಾರರಿಗೆ ಕೊಟ್ಟ ಎಂಟು ಸಾವಿರ ಉಳಿಯುತ್ತಿತ್ತು. ಅವರು ಕೆಂಪು ಎಲೆ ಉದುರುವ ಮರ, ಬಿಳಿ ನೆಲ, ಮಫ್ಲರ್ ಸುತ್ತಿದ ಆಮೆ ಬರೆದುಕೊಟ್ಟರು. ತಪ್ಪು ಅವರದಲ್ಲ, ನನ್ನ ಪದ್ಯದ್ದು. ಅದನ್ನೇ ನಾಲ್ಕು ಬಣ್ಣದಲ್ಲಿ ಇನ್ನೂರು ಪ್ರತಿ ಅಚ್ಚು ಹಾಕಿಸಿದೆ, ಹನ್ನೊಂದು ಸಾವಿರ. ಐವತ್ತು ರೂಪಾಯಿಯಂತೆ ಹೋದದ್ದು ಅರವತ್ತೋ ಏನೋ.

ಆಮೇಲೆ ಪಂಚಾಂಗ ಬಿಟ್ಟು ನಮ್ಮ ಹಿತ್ತಲನ್ನೇ ನೋಡುತ್ತಾ ಕೂತೆ. ಒಂದು ಹೊಂಗೆ ಮರ, ಅದರ ಬುಡದಲ್ಲಿ ತರಗು, ಬದಿಯಲ್ಲಿ ಅವರೆ, ಎಲ್ಲೆಲ್ಲೂ ಗರಿಕೆ. ಯುಗಾದಿ ಕಳೆದ ಮೇಲೆ ಹೊಂಗೆ ಹೂ ಉದುರುತ್ತದೆ, ಅದು ಒಂದು ಕಾಲ. ಬಿಸಿಲು ಇನ್ನೊಂದು, ಮಳೆ ಮತ್ತೊಂದು. ಅವರೆ ಬಂತೆಂದರೆ ಚಳಿ. ನಾಲ್ಕೇ ಸಾಕಾಯಿತು.

ಕ್ರಿಯಾಪದವನ್ನು ಸಾಲಿನ ಕೊನೆಯಿಂದ ಎಬ್ಬಿಸುವುದು ಹೇಗೆ ಎನ್ನುವುದಕ್ಕೆ ದಾರಿ ತೋರಿಸಿದ್ದು ನನ್ನ ಮೊಮ್ಮಗಳು. "ಆಮೆ ಆಮೆ ಎಲ್ಲಿ ಹೋದೆ" ಎಂದು ಅವಳೇ ಕೂಗುತ್ತಾ ಓಡಾಡುತ್ತಿದ್ದಳು. ಎಣಿಸಿ ನೋಡಿದರೆ ಮೂರು, ಮೂರು, ಮೂರು, ಮೂರು. "ಆಮೆ" ಹುಟ್ಟಿನಿಂದಲೇ ಮೂರು ಮಾತ್ರೆಯ ಪದ, ನಾವು "ಯು" ಸೇರಿಸಿ ನಾಲ್ಕಕ್ಕೆ ಎಳೆಯುತ್ತಿದ್ದೆವು. ಪ್ರಶ್ನೆಯ ಸಾಲಿಗೆ ಪ್ರಾಸವೇ ಬೇಡ. ಉತ್ತರದಲ್ಲಿ ಕ್ರಿಯೆ ಮುಂಚೆ ಬಂದರೂ ಕಿವಿಗೆ ಒಡ್ಡೆನಿಸುವುದಿಲ್ಲ, ಕೊನೆಗೆ ಹೆಸರನ್ನೋ ಅವ್ಯಯವನ್ನೋ ಕೂರಿಸಬಹುದು.

ಆಮೆ ಆಮೆ ಬೆನ್ನಲೇನು
ಬಿಳಿಯ ಬಿಳಿಯ ಚುಕ್ಕಿ
ಹೊಂಗೆ ಹೂವ ಉದುರಿಸಿತ್ತು
ಮೇಲೆ ಕುಳಿತ ಹಕ್ಕಿ

ಆಮೆ ಆಮೆ ಎಲ್ಲಿ ಹೋದೆ
ಬಿಸಿಲು ಸುಡುವ ಹೊತ್ತು
ಹೊಂಗೆ ಬುಡದ ತರಗಿನಲ್ಲಿ
ಒಳಗೆ ಎಳೆದೆ ಕತ್ತು

ಆಮೆ ಆಮೆ ಯಾಕೆ ಬಂದೆ
ಗುಡುಗು ಗುಡುಗಿದಾಗ
ಗರಿಕೆ ಚಿಗುರು ಕರೆಯಿತಲ್ಲ
ಹೊರಟೆ ಬೇಗ ಬೇಗ

ಆಮೆ ಆಮೆ ಯಾಕೆ ಕುಳಿತೆ
ಮಂಜು ಸುರಿವ ಚಳಿಗೆ
ಅವರೆ ಗಿಡದ ಸಾಲಿನಲ್ಲಿ
ಬಿಸಿಲು ಬರಲಿ ಬಳಿಗೆ

ನಿಧಾನ ಎಲ್ಲಿದೆ ಎಂದು ಕೇಳಿದವರಿಗೆ ಇಲ್ಲಿದೆ ಉತ್ತರ. ಒಂದನೇ, ಮೂರನೇ ಸಾಲಿನಲ್ಲಿ ನಾಲ್ಕು ಗಣ, ಎರಡು ನಾಲ್ಕರಲ್ಲಿ ಮೂರೇ. ಉಳಿದ ಒಂದು ಗಣದ ಜಾಗ ಖಾಲಿ. ಆ ಖಾಲಿಯಲ್ಲೇ ನನ್ನ ಆಮೆ ನಿಂತು ಉಸಿರು ಬಿಡುತ್ತದೆ, ಮಕ್ಕಳು ಚಪ್ಪಾಳೆ ತಟ್ಟುವುದೂ ಅಲ್ಲೇ. ನಾಲ್ಕನೇ ಗಣವನ್ನೂ ತುಂಬಿ ನೋಡಿದ್ದೆ, ರೈಲು ಓಡಿದ ಹಾಗಾಯಿತು. "ನಕ್ಷತ್ರ" ಅನ್ನುವ ಚಂದದ ಪದವನ್ನು ಬಿಡಲು ಮನಸ್ಸಿರಲಿಲ್ಲ, ಆದರೆ ಅದು ಐದು ಮಾತ್ರೆ. ಹಾಗಾಗಿ ಅದು ಬೆನ್ನಿನ "ಚುಕ್ಕಿ"ಯಾಗಿ ಒಳಗೆ ಬಂತು. "ಪ್ರಾಣಿ"ಯನ್ನೂ ಬಿಟ್ಟೆ. ಮೊದಲಲ್ಲೇ ಒತ್ತಕ್ಷರ ಇರುವ ಪದ ಹಿಂದಿನ ಅಕ್ಷರಕ್ಕೆ ಭಾರ ಹಾಕುತ್ತದೆ, "ಬರುವ ಪ್ರಾಣಿ" ಅಂದರೆ ನಡಿಗೆ ಎಡವುತ್ತದೆ.

ಪ್ರಾಸ ಗಟ್ಟಿಯೋ ಅಲ್ಲವೋ ಎಂದು ನೋಡಲು ಕೊನೆಯ ಪದ ನುಂಗಿ ಮಕ್ಕಳ ಮುಖ ನೋಡುತ್ತೇನೆ. ಮೊದಲ ಸಲವೇ ಎಲ್ಲರೂ ಕೂಗಿಬಿಟ್ಟರೆ ಆ ಪದ ಸವೆದದ್ದು. ಮೂರನೇ ಸಲಕ್ಕೂ ಬರದಿದ್ದರೆ ಅದು ಅವರಿಗೆ ದೂರದ್ದು. "ಒಳಗೆ ಎಳೆದೆ..." ಎಂದು ನಿಲ್ಲಿಸಿದಾಗ ಎರಡನೇ ಸಲಕ್ಕೆ ಇಡೀ ಸಾಲು ಮಕ್ಕಳು ಕುತ್ತಿಗೆ ಒಳಗೆಳೆದುಕೊಂಡರು. "ಬೇಗ ಬೇಗ" ಎಂದು ಆಮೆ ಹೇಳುವಾಗಲಂತೂ ನಗು ತಡೆಯುವುದಿಲ್ಲ. ಐದನೇ ಪದ್ಯ ಒಂದಿದೆ, ಆಮೆಯೇ ಪ್ರಶ್ನೆ ಕೇಳುವುದು. ಅದರ ಕೊನೆಯ ಪ್ರಾಸವನ್ನು ಪ್ರತಿ ಮಗುವಿಗೂ ಬೇರೆ ಮಾಡುವ ಒಂದು ಉಪಾಯವೂ ಇದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ, ಪುಸ್ತಕ ಇನ್ನೂ ಮಾರಾಟದಲ್ಲಿದೆ.

ನಡುವೆ ಅಡ್ಡದಾರಿಗಳೂ ಆದವು. ಪರಿಚಯದ ಒಬ್ಬರು ಕಾರ್ಯಕ್ರಮಕ್ಕೆ ನಿಜವಾದ ಆಮೆಯನ್ನೇ ತರುತ್ತೇನೆ ಅಂದರು. ಬೇಡಪ್ಪಾ ಅಂದೆ. 1972ರ ವನ್ಯಜೀವಿ ಕಾಯ್ದೆಯಡಿ ನಕ್ಷತ್ರ ಆಮೆ ಹಿಡಿದಿಟ್ಟುಕೊಳ್ಳುವುದೇ ಅಪರಾಧ. ತೆಂಗಿನ ಚಿಪ್ಪಿಗೆ ಹಳದಿ ಗೆರೆ ಎಳೆದು, ಕಾಲ್ಚೀಲದ ಕತ್ತು ಹೊಲಿದೆ. ಎಳೆದರೆ ಒಳಗೆ ಹೋಗುತ್ತದೆ. ಕಾಲ ತಿರುಗಿಸುವ ರಟ್ಟಿನ ಚಕ್ರವನ್ನೂ ಮಾಡಿದೆ, ಎರಡನೇ ದಿನಕ್ಕೆ ಕಿತ್ತುಹೋಯಿತು.

ಎರಡನೇ ಮುದ್ರಣಕ್ಕೆ ಬಣ್ಣವೇ ಬೇಡ ಅಂದೆ. ಬರೀ ಕಪ್ಪು ಗೆರೆ, ಹನ್ನೆರಡು ಪುಟ, ಬಣ್ಣ ಮಕ್ಕಳೇ ತುಂಬಲಿ. ಚಿತ್ರಕ್ಕೆ ಎರಡು ಸಾವಿರ, ಐನೂರು ಪ್ರತಿಗೆ ಸುಮಾರು ಒಂಬತ್ತು ಸಾವಿರ. ನಲವತ್ತು ರೂಪಾಯಿಯಂತೆ ನಾನೂರರ ಮೇಲೆ ಹೋಗಿವೆ. ಈ ಸಲ ಐದಾರು ಸಾವಿರ ಕೈಗೆ ಬಂತು, ಹಳೆಯ ಗುಂಡಿ ಇನ್ನೂ ಅರ್ಧವೂ ತುಂಬಿಲ್ಲ.

ಶಿರಸಿಯಲ್ಲಿರುವ ನಾದಿನಿ ಪದ್ಯ ಓದಿ, "ಅತ್ತಿಗೆ, ನಮ್ಮಲ್ಲಿ ಮಳೆಗೊಂದೇ ಪದ್ಯ ಸಾಕಾ?" ಎಂದಳು. ಅವಳ ಮಾತು ನಿಜ. ಆ ಕಡೆಗೆ ಬಯಲಿನ ಈ ಆಮೆಯೂ ಸಲ್ಲದು, ಅವರೆಯ ಸಾಲೂ ಸಲ್ಲದು. ಅಲ್ಲಿಗೆಂದೇ ಬೇರೆ ಬರೆಯುತ್ತಿದ್ದೇನೆ. "ಹಲಸು" ಮೂರು ಮಾತ್ರೆ, ಸಲೀಸಾಗಿ ಕೂತಿತು. ಅಲ್ಲಿನ ಜಿಗಣೆ "ಉಂಬಳ" ನಾಲ್ಕು, ಎರಡು ವಾರದಿಂದ ಅಲ್ಲೇ ಕಚ್ಚಿಕೊಂಡಿದೆ.