ರಾಜ್ಯೋತ್ಸವದ ಆಟಕ್ಕೆ ಎಷ್ಟು ಗಂಟೆಗೆ ಬರಬೇಕು?

ನಮ್ಮದು ಸಣ್ಣ ಮೈನ್‌ಕ್ರಾಫ್ಟ್ ಸರ್ವರ್. ಆಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯವರು. ಉಳಿದವರು ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ಲಂಡನ್, ದುಬೈ, ರಿಯಾದ್, ಸಿಡ್ನಿಯಲ್ಲಿ ಹರಡಿಕೊಂಡಿದ್ದಾರೆ. 2025ರ ರಾಜ್ಯೋತ್ಸವಕ್ಕೆ ಎಲ್ಲರೂ ಸೇರಿ ಆಡುವಂಥದ್ದೊಂದು ನಡೆಸೋಣ ಅಂತ, ನಾವೇ ಕಟ್ಟಿದ ಹಂಪಿಯೊಳಗೆ ನಿಧಿ ಹುಡುಕುವ ಆಟ ಇಟ್ಟೆವು. ಅಕ್ಟೋಬರ್ 25ರ ಶನಿವಾರ ತಾಲೀಮು, ನವೆಂಬರ್ 1ರ ಶನಿವಾರ ಆಟ, 8ರ ಶನಿವಾರ ಬಹುಮಾನ. ಸುಳಿವು ಬರೆಯೋದು, ಪೆಟ್ಟಿಗೆ ಬಚ್ಚಿಡೋದು ಕಷ್ಟವೇ ಆಗಲಿಲ್ಲ. ಹೊತ್ತು ಗೊತ್ತು ಮಾಡೋದರಲ್ಲೇ ಹೆಚ್ಚು ತಲೆ ಓಡಿಸಬೇಕಾಯಿತು. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ದಿನದ ಮಾತು. ಶನಿವಾರವೇ ಯಾಕೆ ಅಂತ ಕೆಲವರು ಕೇಳಿದರು, ಭಾನುವಾರ ಆರಾಮಲ್ವಾ ಅಂತ. ಯುಎಇ 2022ರ ಜನವರಿಯಿಂದ ಶನಿವಾರ-ಭಾನುವಾರದ ರಜೆಗೆ ಬಂದಿದೆ, ಹಾಗಾಗಿ ದುಬೈನವರಿಗೆ ಎರಡೂ ಒಂದೇ. ಸೌದಿಯಲ್ಲಿ ಈಗಲೂ ಶುಕ್ರವಾರ-ಶನಿವಾರವೇ ರಜೆ; ಭಾನುವಾರ ಅವರಿಗೆ ವಾರದ ಮೊದಲ ಕೆಲಸದ ದಿನ. ನಮ್ಮ ಆಟಗಾರರೆಲ್ಲರಿಗೂ ಸಾಮಾನ್ಯವಾಗಿ ಬಿಡುವಿರುವ ದಿನ ಶನಿವಾರ ಒಂದೇ.

ಎಲ್ಲರಿಗೂ ಒಪ್ಪುವ ಗಂಟೆ ಇದೆಯಾ ಅಂತ ಹುಡುಕಿದರೆ, ಇಲ್ಲ. ಕ್ಯಾಲಿಫೋರ್ನಿಯಾ, ಲಂಡನ್, ಸಿಡ್ನಿ ಮೂರೂ ಎದ್ದಿರುವ ಹೊತ್ತು ಸಿಗುತ್ತದೆ. ಲಂಡನ್ನಿನಲ್ಲಿ ರಾತ್ರಿ 8 ಆದಾಗ ಕ್ಯಾಲಿಫೋರ್ನಿಯಾದಲ್ಲಿ ಮಧ್ಯಾಹ್ನ, ಸಿಡ್ನಿಯಲ್ಲಿ ಮರುದಿನ ಬೆಳಗ್ಗೆ. ಆದರೆ ಆಗ ನಮ್ಮಲ್ಲಿ ರಾತ್ರಿ ಒಂದೂವರೆ. ಕರ್ನಾಟಕ ಮಲಗಿರುವಾಗ ರಾಜ್ಯೋತ್ಸವ ಮಾಡೋದು ಹೇಗೆ?

ದೊಡ್ಡ ಆಟಗಳು ಇದಕ್ಕೆ ಎರಡು ದಾರಿ ಹಿಡಿದಿವೆ. ಪೋಕೆಮಾನ್ ಗೋ ತನ್ನ ಕಮ್ಯುನಿಟಿ ಡೇಯನ್ನು ಆಯಾ ಊರಿನ ಗಡಿಯಾರಕ್ಕೇ ಬಿಡುತ್ತದೆ. ಎಲ್ಲಿದ್ದರೂ ಅಲ್ಲಿನ ಮಧ್ಯಾಹ್ನ 2ಕ್ಕೆ ಶುರು. ಅಲ್ಲಿ ಬೆಂಗಳೂರಿನವನಿಗೆ ಲಂಡನ್ನಿನವಳು ಆ ಕ್ಷಣಕ್ಕೆ ಬೇಕಾಗಿಲ್ಲ, ಆದ್ದರಿಂದ ನಡೆಯುತ್ತದೆ. ಫೋರ್ಟ್‌ನೈಟ್ 2020ರ ಏಪ್ರಿಲ್‌ನಲ್ಲಿ ಟ್ರಾವಿಸ್ ಸ್ಕಾಟ್ ಕಾರ್ಯಕ್ರಮ ಮಾಡಿದಾಗ ಅದನ್ನೇ ಬೇರೆ ಬೇರೆ ಹೊತ್ತಿಗೆ ಐದು ಸಲ ನಡೆಸಿತು. ನಮ್ಮ ಆಟದಲ್ಲಿ ತಂಡ ಕಟ್ಟಿಕೊಂಡು ಹುಡುಕಬೇಕು, ಮೇಲ್ವಿಚಾರಣೆಗೆ ನಮ್ಮವರೊಬ್ಬರು ಒಳಗಿರಬೇಕು. ಊರಿಗೊಂದು ಹೊತ್ತು ಆಗುವ ಮಾತಲ್ಲ. ಐದು ಸಲ ನಡೆಸೋಕೆ ನಾವಿರೋದು ಮೂರು ಜನ. ಎರಡು ಸುತ್ತು ಅಂತ ತೀರ್ಮಾನಿಸಿದೆವು: ಭಾರತದ ಬೆಳಗ್ಗೆ 9:30ಕ್ಕೊಂದು, ರಾತ್ರಿ 8:30ಕ್ಕೊಂದು.

ಈ ಎರಡು ಗಂಟೆಗಳನ್ನು ಸುಮ್ಮನೆ ಆರಿಸಿದ್ದಲ್ಲ. ಬೆಳಗಿನದು ಸಿಡ್ನಿಗೆ ಮಧ್ಯಾಹ್ನ 3, ಕ್ಯಾಲಿಫೋರ್ನಿಯಾಕ್ಕೆ ಹಿಂದಿನ ದಿನ, ಅಂದರೆ ಶುಕ್ರವಾರ ರಾತ್ರಿ 9. ಒಂದು ಗಂಟೆ ಮುಂಚೆಯೇ ಇಡೋಣ ಅಂದುಕೊಂಡಿದ್ದೆವು, ಆದರೆ ಅದು ಅಕ್ಟೋಬರ್ 31. ಅಲ್ಲಿ ಹ್ಯಾಲೊವೀನ್, ಮಕ್ಕಳನ್ನು ಕರೆದುಕೊಂಡು ಬೀದಿ ಸುತ್ತುವ ಸಂಜೆ. 'ಎಂಟಕ್ಕೆ ಅಂದ್ರೆ ನಾನಂತೂ ಬರಲ್ಲ ಕಣ್ರೀ, ಮಗಳು ಚಾಕೊಲೇಟ್ ಎಣಿಸ್ತಾ ಕೂತಿರ್ತಾಳೆ' ಅಂತ ಅಲ್ಲಿನವರೊಬ್ಬರು ಮೊದಲೇ ಹೇಳಿಬಿಟ್ಟರು. ಸಂಜೆ ಸುತ್ತು ಲಂಡನ್ನಿಗೆ ಮಧ್ಯಾಹ್ನ 3, ರಿಯಾದ್‌ಗೆ 6, ದುಬೈಗೆ 7, ನ್ಯೂಜೆರ್ಸಿಗೆ ಬೆಳಗ್ಗೆ 11. ಊರಲ್ಲಿರುವ ಮಕ್ಕಳಿಗೆ ಬೆಳಗ್ಗೆ ಶಾಲೆಯಲ್ಲಿ ಧ್ವಜಾರೋಹಣ, ಅವರೂ ಸಂಜೆಗೇ.

ಯಾರ ಹತ್ತಿರವೂ 'ನಿಮ್ಮ ಟೈಮ್ ಝೋನ್ ಯಾವುದು' ಅಂತ ಕೇಳಲಿಲ್ಲ. 'ಯಾವ ಊರು, ಶನಿವಾರ ಯಾವಾಗ ಎರಡು ಗಂಟೆ ಕೂರಬಲ್ಲಿರಿ' ಅಂತ ಕೇಳಿದೆವು. ನ್ಯೂಜೆರ್ಸಿಯವರು ವರ್ಷಪೂರ್ತಿ ಇಎಸ್‌ಟಿ ಅಂತಲೇ ಹೇಳುತ್ತಾರೆ. ಅದು ಅಲ್ಲಿನ ಚಳಿಗಾಲದ ಸಮಯ; ಬೇಸಿಗೆಯಲ್ಲಿ ಅವರ ಗಡಿಯಾರ ಅದಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಅವರು ಹೇಳಿದ್ದನ್ನೇ ನಂಬಿ ಲೆಕ್ಕಕ್ಕೆ ಹಾಕಿದರೆ ಒಂದು ಗಂಟೆ ತಪ್ಪುತ್ತದೆ. ಊರಿನ ಹೆಸರು ಸಿಕ್ಕರೆ ಮಿಕ್ಕದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಇನ್ನು ಅಸಲಿ ತೊಡಕು. ರಾಜ್ಯೋತ್ಸವ ಬರೋದು ಗಡಿಯಾರ ತಿರುಗಿಸುವ ಕಾಲಕ್ಕೇ. ಭಾರತ ಗಡಿಯಾರ ಬದಲಿಸುವುದಿಲ್ಲ, ಕೊಲ್ಲಿ ದೇಶಗಳೂ ಇಲ್ಲ. ಬ್ರಿಟನ್ ಅಕ್ಟೋಬರ್‌ನ ಕೊನೆಯ ಭಾನುವಾರ ಒಂದು ಗಂಟೆ ಹಿಂದಿಡುತ್ತದೆ, ಅಮೆರಿಕ ನವೆಂಬರ್‌ನ ಮೊದಲ ಭಾನುವಾರ. 2025ರಲ್ಲಿ ಅವು ಅಕ್ಟೋಬರ್ 26 ಮತ್ತು ನವೆಂಬರ್ 2. ಅಂದರೆ ನಮ್ಮ ಮೂರು ಶನಿವಾರಗಳ ನಡುವಿನ ಎರಡೂ ಭಾನುವಾರ ಯಾವುದೋ ಒಂದು ಕಡೆ ಗಡಿಯಾರ ಹಿಂದೆ ಹೋಯಿತು. ನಮ್ಮ ರಾತ್ರಿ 8:30 ಅಲ್ಲಾಡಲೇ ಇಲ್ಲ. ಆದರೆ ಲಂಡನ್ನಿನವರಿಗೆ ತಾಲೀಮು ಸಂಜೆ 4ಕ್ಕೆ, ಆಟ ಮತ್ತು ಬಹುಮಾನ 3ಕ್ಕೆ. ನ್ಯೂಜೆರ್ಸಿಯವರಿಗೆ ತಾಲೀಮು ಮತ್ತು ಆಟ 11ಕ್ಕೆ, ಬಹುಮಾನ 10ಕ್ಕೆ. ಸಿಡ್ನಿಯವರು ಅಕ್ಟೋಬರ್ 5ಕ್ಕೇ ಗಡಿಯಾರ ಮುಂದಿಟ್ಟು ಮುಗಿಸಿದ್ದರು.

ಹೀಗಿರುವಾಗ ಯಾರದ್ದಾದರೂ ಒಂದು ಗಡಿಯಾರ ಗಟ್ಟಿಯಾಗಿ ನಿಲ್ಲಬೇಕು, ಉಳಿದವರು ಹೊಂದಿಕೊಳ್ಳಬೇಕು. ನಾವು ಭಾರತದ್ದನ್ನು ನಿಲ್ಲಿಸಿದೆವು. ಆಡುವವರು ಹೆಚ್ಚಿರೋದೂ ಇಲ್ಲೇ, ಗಡಿಯಾರ ಬದಲಾಗದಿರೋದೂ ಇಲ್ಲೇ.

ಪ್ರಕಟಣೆಯಲ್ಲಿ ಗಂಟೆಯನ್ನು ಕೈಯಾರೆ ಬರೆಯಲಿಲ್ಲ. ಡಿಸ್ಕಾರ್ಡ್‌ನಲ್ಲಿ ಯುನಿಕ್ಸ್ ಸಮಯವನ್ನು, ಅಂದರೆ 1970ರ ಆರಂಭದಿಂದ ಎಣಿಸಿದ ಸೆಕೆಂಡುಗಳನ್ನು, ಹೀಗೆ ಹಾಕಿದರೆ ಓದುವವರಿಗೆ ಅವರವರ ಊರಿನ ದಿನ, ಗಂಟೆಯೇ ಕಾಣಿಸುತ್ತದೆ:

```
<t:1761969600:F>
<t:1762009200:F>
```

ಮೊದಲನೆಯದು ಬೆಳಗಿನ ಸುತ್ತು, ಎರಡನೆಯದು ಸಂಜೆಯದು. ಹಾಕುವ ಮುಂಚೆ ಒಂದೊಂದು ಊರಿಗೂ ಸರಿಯಿದೆಯಾ ಅಂತ ಲಿನಕ್ಸ್‌ನಲ್ಲಿ ನೋಡಿಕೊಂಡೆ:

```
TZ=America/New_York date -d @1762009200
```

ಇದು ನವೆಂಬರ್ 1, ಬೆಳಗ್ಗೆ 11 ಅಂತ ತೋರಿಸಬೇಕು. ಒಂದು ವಾರದ ಸೆಕೆಂಡುಗಳನ್ನು, ಅಂದರೆ 604800 ಕೂಡಿಸಿ ಮತ್ತೆ ಓಡಿಸಿದರೆ 10 ಅಂತ ಬರುತ್ತದೆ. ಗಡಿಯಾರ ತಿರುಗಿದ್ದು ಅಲ್ಲೇ ಕಣ್ಣಿಗೆ ಕಾಣುತ್ತದೆ.

ವಾಟ್ಸಾಪ್ ಗುಂಪಿಗೆ ಈ ಉಪಾಯ ನಡೆಯಲ್ಲ. ಅಲ್ಲಿಗೆ ಊರುಗಳ ಹೆಸರು, ವಾರ, ಗಂಟೆ ಬರೆದ ಒಂದು ಚಿತ್ರ ಹಾಕಿದೆವು. ವಾರದ ಹೆಸರು ಬಿಡಲೇಬಾರದು. 'ನವೆಂಬರ್ 1ರ ಆಟ' ಅಂತ ಮಾತ್ರ ಬರೆದರೆ ಕ್ಯಾಲಿಫೋರ್ನಿಯಾದವರು ಶನಿವಾರ ರಾತ್ರಿ ಬಂದು ಖಾಲಿ ಹಂಪಿ ನೋಡಿ ಹೋಗುತ್ತಾರೆ. 'ರಾತ್ರಿ 12' ಅಂತಲೂ ಬರೆಯೋದಿಲ್ಲ, ಅದು ಯಾವ ದಿನದ 12 ಅಂತ ಯಾರಿಗೂ ಖಾತ್ರಿ ಇರಲ್ಲ. 11:59 ಅಂದರೆ ಗೊಂದಲವಿಲ್ಲ. ಆಟದೊಳಗೆ ಮಾತ್ರ ಯಾವ ಗಂಟೆಯೂ ಇರಲಿಲ್ಲ. ಪರದೆಯ ಮೇಲ್ಭಾಗದ ಪಟ್ಟಿಯಲ್ಲಿ 'ಇನ್ನು 40 ನಿಮಿಷ' ಅಂತ ಇಳಿಯುತ್ತಾ ಬರುತ್ತಿತ್ತು. ನನ್ನ ಅಂದಾಜಿನಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಅದೇ.

ಎರಡು ಸುತ್ತು ಅಂದ ಮೇಲೆ ಆಟವನ್ನೇ ಅದಕ್ಕೆ ತಕ್ಕಂತೆ ಬದಲಿಸಬೇಕು. ಬೆಳಗ್ಗೆ ಆಡಿದವರು ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಹಿಂದೆ ಪೆಟ್ಟಿಗೆ ಇದೆ ಅಂತ ಸಂಜೆಯವರಿಗೆ ಹೇಳಿಬಿಟ್ಟರೆ ಮುಗೀತು. ಹಾಗಾಗಿ ಸುಳಿವುಗಳ ಎರಡು ಕಟ್ಟು ಮಾಡಿದೆವು. ಬೆಳಗಿನ ಕಟ್ಟಿನಲ್ಲಿ ಕಲ್ಲಿನ ರಥ, ಸಂಜೆಯದರಲ್ಲಿ ಅದರ ಜಾಗದಲ್ಲಿ ಕಮಲ ಮಹಲ್. ನಡೆಯುವ ದೂರ ಹೆಚ್ಚುಕಮ್ಮಿ ಒಂದೇ ಬರುವಂತೆ ನಾವೇ ನಡೆದು ನೋಡಿದೆವು. ಎರಡು ಸುತ್ತುಗಳ ನಡುವೆ ಆ ಲೋಕದ ಕಡತವನ್ನೇ ಅಳಿಸಿ ಮೊದಲಿನ ಪ್ರತಿಯನ್ನು ಹಾಕಿದೆವು, ಇಲ್ಲದಿದ್ದರೆ ತೆರೆದ ಪೆಟ್ಟಿಗೆಗಳು ಹಾಗೇ ಉಳಿಯುತ್ತವೆ. ಗೆಲುವನ್ನು ಮುಗಿಸಿದ ಗಂಟೆಯ ಮೇಲೆ ಅಳೆಯಲಿಲ್ಲ, ತಂಡ ಶುರು ಮಾಡಿದಾಗಿನಿಂದ ತೆಗೆದುಕೊಂಡ ನಿಮಿಷಗಳ ಮೇಲೆ ಅಳೆದೆವು. ಎರಡೂ ಸುತ್ತಿಗೆ ಒಂದೇ ಪಟ್ಟಿ.

ಸರ್ವರ್ ಇರೋದು ಮುಂಬೈನಲ್ಲಿ. ಕ್ಯಾಲಿಫೋರ್ನಿಯಾದಿಂದ ಪಿಂಗ್ 200 ಮಿಲಿಸೆಕೆಂಡ್ ದಾಟುತ್ತದೆ. ಕತ್ತಿವರಸೆ ಇಟ್ಟಿದ್ದರೆ ಅವರು ಮಧ್ಯಾಹ್ನ ಬಂದರೂ ಸೋಲುತ್ತಿದ್ದರು, ಮಧ್ಯರಾತ್ರಿ ಬಂದರೂ ಸೋಲುತ್ತಿದ್ದರು. ಹುಡುಕಾಟದಲ್ಲಿ ಕಾಲು ಸೆಕೆಂಡಿನ ವ್ಯತ್ಯಾಸ ಲೆಕ್ಕಕ್ಕೆ ಬರಲ್ಲ. ಹೊರದೇಶದವರನ್ನು ಕರೆಯುವುದಾದರೆ ಚುರುಕು ಬೆರಳಿನ ಆಟ ಇಡಬೇಡಿ ಅಂತ ಯಾರು ಕೇಳಿದರೂ ಹೇಳುತ್ತೇನೆ.

ಪ್ರತಿ ಶನಿವಾರ ಮುಗಿದ ಮೇಲೆ ಲಾಗ್ ತೆಗೆದು ಯಾರು ಎಷ್ಟು ಗಂಟೆಗೆ ಒಳಗೆ ಬಂದರು ಅಂತ ನೋಡುವ ಅಭ್ಯಾಸ ನನಗಿದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ ತಡವಾದರೆ ಅದು ಊಟ, ಟ್ರಾಫಿಕ್. ಸರಿಯಾಗಿ ಅರವತ್ತು ನಿಮಿಷ ಆಚೀಚೆ ಒಂದು ಗುಂಪು ಬಂದರೆ ಗಡಿಯಾರ ತಿರುಗಿದ್ದು. ಮೂವತ್ತು ನಿಮಿಷದ ಗುಂಪು ಕಂಡರೆ, ಭಾರತದ ಗಡಿಯಾರ ಗ್ರೀನಿಚ್‌ಗಿಂತ ಮುಂದಿರುವ ಐದೂವರೆ ಗಂಟೆಯಲ್ಲಿ ಆ ಅರ್ಧವನ್ನು ಯಾರೋ ಬಿಟ್ಟಿದ್ದಾರೆ.

ನವೆಂಬರ್ 8ರ ಲಾಗ್‌ನಲ್ಲಿ ನ್ಯೂಜೆರ್ಸಿಯ ಒಂದು ಗುಂಪು ಬಹುಮಾನವೆಲ್ಲ ಕೊಟ್ಟ ಮೇಲೆ, ಸರಿಯಾಗಿ ಒಂದು ಗಂಟೆ ತಡವಾಗಿ ಬಂದಿತ್ತು. ಡಿಸ್ಕಾರ್ಡ್ ಅವರಿಗೆ 10 ಅಂತಲೇ ತೋರಿಸಿತ್ತು. ವಿಚಾರಿಸಿದರೆ, ತಾಲೀಮಿನ ದಿನವೇ ಅವರಲ್ಲೊಬ್ಬರು ಫೋನಿನ ಕ್ಯಾಲೆಂಡರ್‌ನಲ್ಲಿ 'ಪ್ರತಿ ಶನಿವಾರ 11' ಅಂತ ಹಾಕಿ ಉಳಿದವರಿಗೆ ಕಳಿಸಿದ್ದರು. ಆ ಕ್ಯಾಲೆಂಡರ್ ನ್ಯೂಯಾರ್ಕ್ ಗಡಿಯಾರದ 11ನ್ನೇ ಹಿಡಿದುಕೊಂಡಿತ್ತು. ಈಗ ಅದಕ್ಕೆ ಅವಕಾಶ ಕೊಡದೆ ಕ್ಯಾಲೆಂಡರ್ ಕಡತವನ್ನು ನಾವೇ ಮೊದಲು ಕಳಿಸುತ್ತೇವೆ. ಅದರಲ್ಲಿ ಮುಖ್ಯವಾದ ಸಾಲುಗಳು ಇವು:

```
DTSTART;TZID=Asia/Kolkata:20251025T203000
RRULE:FREQ=WEEKLY;COUNT=3
```

ಮರುಕಳಿಕೆ ಭಾರತದ ಗಡಿಯಾರಕ್ಕೆ ಕಟ್ಟಿರುವುದರಿಂದ ಅಮೆರಿಕದ ಫೋನಿನಲ್ಲಿ ಮೂರನೇ ವಾರ ತಾನಾಗಿಯೇ 10 ಆಗುತ್ತದೆ. ಗೂಗಲ್ ಕ್ಯಾಲೆಂಡರ್‌ನಲ್ಲಿ ಮಾಡುವವರು ಗಂಟೆಯ ಪಕ್ಕದಲ್ಲಿ ಟೈಮ್ ಝೋನ್ ಆರಿಸುವ ಕಡೆ ಭಾರತವನ್ನು ಹಾಕಿದರೂ ಇದೇ ಕೆಲಸ ಆಗುತ್ತದೆ.

2026ರಲ್ಲಿ ನವೆಂಬರ್ 1 ಭಾನುವಾರ, ಅಮೆರಿಕದಲ್ಲಿ ಗಡಿಯಾರ ಹಿಂದಿಡುವುದೂ ಅದೇ ದಿನ. ಬೆಳಗಿನ ಸುತ್ತಿನ ಹೊತ್ತಿಗೆ ಅಲ್ಲಿ ಹಳೆಯ ಗಡಿಯಾರ, ಸಂಜೆಯದಕ್ಕೆ ಹೊಸದು. 8:30ನ್ನೇ ಇಟ್ಟುಕೊಂಡರೆ ಸಂಜೆ ಸುತ್ತು ಕ್ಯಾಲಿಫೋರ್ನಿಯಾಕ್ಕೆ ಭಾನುವಾರ ಬೆಳಗ್ಗೆ 7, ರಿಯಾದ್‌ನವರಿಗೆ ಆಫೀಸು ಮುಗಿಸಿ 6. ಒಂದು ಗಂಟೆ ಮುಂದೆ ಹಾಕಿದರೆ ಇಬ್ಬರಿಗೂ ಅನುಕೂಲ, ಆದರೆ ಮರುದಿನ ಊರಿನ ಮಕ್ಕಳಿಗೆ ಶಾಲೆ. ಹಾಗಾಗಿ ಸಂಜೆ ಸುತ್ತನ್ನು ರಾತ್ರಿ 9ಕ್ಕೆ ಇಟ್ಟು, ಸುಳಿವುಗಳಲ್ಲಿ ಎರಡನ್ನು ಕಡಿಮೆ ಮಾಡಿ ಒಂದೂವರೆ ಗಂಟೆಯಲ್ಲಿ ಮುಗಿಸೋದು ಅಂತ ಸದ್ಯಕ್ಕೆ ಮಾತಾಗಿದೆ.