ಎರಡು ಪೆನಾಲ್ಟಿ ಕಾರ್ನರ್ ಒಂದೇ ಸ್ಕ್ರೀನಲ್ಲಿ: ಸರಿಯಾಗಿ ಜೋಡ್ಸೋದು ಹೇಗೆ?

ಕೊಡವ ಕೌಟುಂಬಿಕ ಹಾಕಿ ಶುರುವಾದ್ರೆ ಸಾಕು, ಎರಡು ಪೆನಾಲ್ಟಿ ಕಾರ್ನರ್ ಜೋಡಿಸಿ ‘ಯಾರ ಫ್ಲಿಕ್ ಫಾಸ್ಟ್ ನೋಡಿ’ ಅಂತ ವಿಡಿಯೊ ಗ್ರೂಪಿಂದ ಗ್ರೂಪಿಗೆ ಓಡಾಡ್ತವೆ. ನೋಡಿದ್ರೆ ಒಂದ್ರಲ್ಲಿ ಚೆಂಡು ಆಗ್ಲೇ ಗೋಲ್ ಹತ್ರ, ಇನ್ನೊಂದ್ರಲ್ಲಿ ಇನ್ನೂ ಯಾರೂ ತಳ್ಳೇ ಇಲ್ಲ!

ಮೊದ್ಲು ಆಪ್. ಎರಡನೇ ಕ್ಲಿಪ್ಪನ್ನ ಮೇಲೊಂದು ಲೇಯರಾಗಿ ಹಾಕೋಕೆ ಬಿಡೋ ಯಾವ್ದಾದ್ರೂ ಆಗುತ್ತೆ, ಕೆಲವದ್ರಲ್ಲಿ ಅದನ್ನೇ ಓವರ್‌ಲೇ ಅಂತಾರೆ, ಕೆಲವದ್ರಲ್ಲಿ ಪಿಐಪಿ. ಎರಡನ್ನೂ ಮೊದಲಿಂದಲೇ ಓಡಿಸಿ, ಸರಿಸೋಕೆ ಬಿಡದೆ, ಮೇಲೆ ವಾಟರ್‌ಮಾರ್ಕ್ ಬೇರೆ ಒತ್ತೋ ಕೊಲಾಜ್ ಆಪ್ ಮುಟ್ಟಲೇಬೇಡಿ.

ಫೋನಲ್ಲಿ ನೋಡೋಕಾದ್ರೆ ಫ್ರೇಮ್ 9:16 ಇಟ್ಟು, ಅಡ್ಡ ತೆಗೆದ ಕ್ಲಿಪ್‌ಗಳನ್ನ ಮೇಲೆ-ಕೆಳಗೆ ಇಡಿ. ಪಕ್ಕಪಕ್ಕ ಇಟ್ರೆ ಚೆಂಡು ಸಾಸಿವೆ ಕಾಳಾಗುತ್ತೆ.

ಎಲ್ರೂ ಎಡವೋದು ಮುಂದಿನ ಹಂತದಲ್ಲೇ. ಎರಡು ಕ್ಲಿಪ್ ಯಾವ ಕ್ಷಣದಲ್ಲಿ ಕೂಡ್ಬೇಕು ಅಂತ ಮೊದ್ಲೇ ತೀರ್ಮಾನ ಮಾಡ್ಕೊಳ್ಳಿ. ಇಡೀ ಕಾರ್ನರ್ ಎಷ್ಟು ಬೇಗ ಮುಗೀತು ಅಂತ ನೋಡೋಕೆ, ಬ್ಯಾಕ್‌ಲೈನಿಂದ ತಳ್ಳಿದ ಚೆಂಡು ಸ್ಟಿಕ್ ಬಿಡೋ ಫ್ರೇಮ್ ಹಿಡೀರಿ. ಫ್ಲಿಕ್ ಮಾತ್ರ ಬೇಕಂದ್ರೆ ಸರ್ಕಲ್ ಹೊರಗೆ ಚೆಂಡು ನಿಂತ ಫ್ರೇಮ್. ಟೈಮ್‌ಲೈನ್ ಪೂರ್ತಿ ಝೂಮ್ ಮಾಡಿ, ಒಂದೊಂದೇ ಫ್ರೇಮ್ ಸರಿಸಿ ಆ ಫ್ರೇಮ್ ಹುಡುಕಿ, ಅಲ್ಲೇ ಎರಡೂ ಕ್ಲಿಪ್ ಕತ್ತರಿಸಿ, ಕತ್ತರಿಸಿದ ಅಂಚುಗಳನ್ನ ಒಂದೇ ಗೆರೆಗೆ ತನ್ನಿ. ಮುಂಚಿನ ಓಟವೂ ಬೇಕಿದ್ರೆ ಆಮೇಲೆ ಎರಡರ ಅಂಚನ್ನೂ ಒಂದೊಂದು ಸೆಕೆಂಡ್ ಹಿಂದಕ್ಕೆ ಎಳೀರಿ.

‘ಟಕ್’ ಅನ್ನೋ ಶಬ್ದ ಕೇಳಿ ಜೋಡಿಸೋಕೆ ಹೋಗ್ಬೇಡಿ. ಹಾಕಿ ಮೈದಾನ 91 ಮೀಟರ್ ಚಿಲ್ಲರೆ ಉದ್ದ, ಆ ತುದೀಲಿ ನಿಂತು ತೆಗೆದ ಕ್ಲಿಪ್ಪಲ್ಲಿ ಶಬ್ದ ಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿನೇ ತಡ ಬರುತ್ತೆ, ಅಂದ್ರೆ ಸೆಕೆಂಡಿಗೆ 30 ಫ್ರೇಮ್ ವಿಡಿಯೊದಲ್ಲಿ ಸುಮಾರು 8 ಫ್ರೇಮ್. ಗೋಲ್ ಹಿಂದೆ ನಿಂತು ತೆಗೆದ ಕ್ಲಿಪ್ ಜೊತೆ ಅದನ್ನ ಕಿವಿಯಿಂದ ಹೊಂದಿಸಿದ್ರೆ ದೂರದ ಕ್ಲಿಪ್ಪಿನ ಹುಡುಗ ಸುಮ್ಸುಮ್ನೆ ಫಾಸ್ಟ್ ಆಗ್ಬಿಡ್ತಾನೆ. ಕಣ್ಣಿಂದಲೇ ಜೋಡಿಸಿ. ಸ್ಲೋ ಮೋಷನಲ್ಲಿ ತೆಗೆದಿದ್ದನ್ನ ಮಾಮೂಲಿ ಕ್ಲಿಪ್ ಜೊತೆ ಇಡೋರೂ ಇದ್ದಾರೆ, ಅವ್ರಿಗೆ ಏನ್ ಹೇಳೋದು. ಮೊದ್ಲು ಅದನ್ನ ನಿಜ ವೇಗಕ್ಕೆ ತನ್ನಿ, ನಿಧಾನ ಮಾಡೋದಿದ್ರೆ ಆಮೇಲೆ ಎರಡನ್ನೂ ಒಟ್ಟಿಗೇ ಮಾಡಿ.

ಮ್ಯಾಚ್ ನೋಡೋರ ಮುಖಾನ ಮ್ಯಾಚ್ ಜೊತೆಗೇ ತೋರ್ಸೋ ರಿಯಾಕ್ಷನ್ ವಿಡಿಯೊ ಇದಕ್ಕಿಂತ ಸುಲಭ. ಐನ್‌ಮನೆ ಜಗಲೀಲಿ ಕೂತು ಫೈನಲ್ ನೋಡೋ ಅಜ್ಜನ ಮುಖ ತೆಗೀಬೇಕಂದ್ರೆ ಅವ್ರ ಕಿವಿಗೆ ಇಯರ್‌ಫೋನ್ ಕೊಡಿ, ಇಲ್ಲಾಂದ್ರೆ ಕಾಮೆಂಟರಿ ಮೈಕಲ್ಲೂ ಸೇರಿ ಎರಡೆರಡು ಸಲ ಕೇಳುತ್ತೆ. ಮ್ಯಾಚ್ ಪ್ಲೇ ಒತ್ತೋವಾಗ್ಲೇ ಒಂದು ಚಪ್ಪಾಳೆ ತಟ್ಟಿ, ಫೋನ್ ಪಕ್ಕದಲ್ಲೇ ಇರೋದ್ರಿಂದ ಇಲ್ಲಿ ಶಬ್ದ ನಂಬ್ಬಹುದು. ಅಜ್ಜ ಮಧ್ಯೆ ಮ್ಯಾಚ್ ನಿಲ್ಲಿಸಿದ್ರೆ ಮೂಲ ವಿಡಿಯೊನೂ ಅದೇ ಜಾಗದಲ್ಲಿ ಕತ್ತರಿಸಿ, ಅಷ್ಟೇ ಹೊತ್ತು ಫ್ರೀಜ್ ಫ್ರೇಮ್ ಹಾಕಿ. ಅಜ್ಜನ ಮುಖದ ಚಿಕ್ಕ ಬಾಕ್ಸ್ ಸ್ಕ್ರೀನಿನ ಅಗಲದ ನಾಲ್ಕನೇ ಒಂದು ಭಾಗ ಸಾಕು, ಸ್ಕೋರ್ ಇರೋ ಮೂಲೆ ಬಿಟ್ಟು ಬೇರೆ ಮೂಲೇಲಿಡಿ, ಅಜ್ಜ ಬಾಯಿ ತೆರೆದಾಗೆಲ್ಲ ಕಾಮೆಂಟರಿ ವಾಲ್ಯೂಮ್ ಇಳಿಸಿ.